ತಲೆಯಲ್ಲಿ ದಿಢೀರನೆ ದುಂಡಗೆ ಕೂದಲು ಉದುರುವುದೇಕೆ?

ಪ್ರಶ್ನೆ: ತಲೆಯ ಹಿಂಭಾಗದಲ್ಲಿ ಒಂದೇ ವಾರದಲ್ಲಿ ನಾಣ್ಯದಗಲ ಬೋಳಾಗಿದೆ. ತುರಿಕೆ, ನೋವು ಏನೂ ಇಲ್ಲ. ಹುಳ ತಿಂದಿದೆ ಅಂತ ಕೆಲವರು, ಟೆನ್ಷನ್ ಅಂತ ಕೆಲವರು. ನಿಜವಾದ ಕಾರಣ ಏನು?

ನಾನು ಚರ್ಮರೋಗ ವೈದ್ಯ. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನಿಮ್ಮ ವಿವರಣೆ ಅಲೋಪೇಸಿಯಾ ಏರಿಯೇಟಾಗೆ ಚೆನ್ನಾಗಿ ಹೊಂದುತ್ತದೆ. ಇದರಲ್ಲಿ ಹುಳವೂ ಇಲ್ಲ, ಸೋಂಕೂ ಇಲ್ಲ, ಯಾರಿಗೂ ಅಂಟುವುದಿಲ್ಲ. ರೋಗಾಣುಗಳ ಮೇಲೆ ಹೋರಾಡಬೇಕಾದ ನಿಮ್ಮದೇ ಬಿಳಿ ರಕ್ತಕಣಗಳು ಕೂದಲ ಬುಡದ ಮೇಲೆ ತಿರುಗಿಬಿದ್ದಿವೆ.

ಮೊದಲು ಒಂದು ಕೆಲಸ ಮಾಡಿ. ಯಾರಿಂದಲಾದರೂ ಪ್ಯಾಚ್‌ನ ಅಂಚಿನ ಫೋಟೋ ತೆಗೆಸಿ, ದೊಡ್ಡದು ಮಾಡಿ ನೋಡಿ. ಮೂರ್ನಾಲ್ಕು ಮಿಲಿಮೀಟರ್ ಉದ್ದದ ಮೋಟು ಕೂದಲುಗಳು ಕಂಡು, ಅವು ತುದಿಯಲ್ಲಿ ದಪ್ಪ, ಚರ್ಮದ ಹತ್ತಿರ ಸಣ್ಣಗೆ ಇದ್ದರೆ ಅನುಮಾನ ಬಹುತೇಕ ಬಗೆಹರಿದಂತೆ. ಆಶ್ಚರ್ಯಸೂಚಕ ಚಿಹ್ನೆಯಂತೆ ಕಾಣುವುದರಿಂದ ಅದೇ ಹೆಸರಲ್ಲಿ ಇವನ್ನು ಕರೆಯುತ್ತೇವೆ. ದಾಳಿಗೆ ಮುಂಚೆ ಬೆಳೆದ ಭಾಗ ದಪ್ಪ, ಬುಡಕ್ಕೆ ಪೆಟ್ಟು ಬಿದ್ದ ಮೇಲೆ ತಯಾರಾದದ್ದು ತೆಳು. ಅದರ ಬದಲು ಹೊಟ್ಟಿನಂಥ ಪುಡಿ, ತುರಿಕೆ, ಕೀವು ಇದ್ದರೆ, ಮುಖ್ಯವಾಗಿ ಮಕ್ಕಳಲ್ಲಿ, ಅದು ಫಂಗಸ್ ಇರಬಹುದು. ಅದಕ್ಕೆ ಮಾತ್ರೆಯೇ ಬೇಕು. ಗೊತ್ತಿಲ್ಲದೆ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಹೆಚ್ಚಾಗುತ್ತದೆ. ಚರ್ಮ ನುಣ್ಣಗೆ ಹೊಳೆಯುತ್ತಾ ಕೂದಲ ರಂಧ್ರಗಳೇ ಮಾಯವಾಗಿದ್ದರೆ ಅದು ಬೇರೆಯೇ ಕಾಯಿಲೆ, ತಡಮಾಡಬಾರದು.

ಈಗ ಕಾರಣಕ್ಕೆ ಬರೋಣ. ಬೆಳೆಯುತ್ತಿರುವ ಕೂದಲ ಬುಡ, ಕಣ್ಣಿನ ಒಳಭಾಗದ ಹಾಗೆ, ರೋಗನಿರೋಧಕ ಕಣಗಳ ಕಣ್ಣಿಗೆ ಸುಲಭವಾಗಿ ಬೀಳದ ಜಾಗ. ಅಲ್ಲಿನ ಜೀವಕೋಶಗಳು ತಮ್ಮ ಒಳಗಿನ ಪ್ರೋಟೀನ್ ತುಣುಕುಗಳನ್ನು ಹೊರಗೆ ತೋರಿಸಿಕೊಳ್ಳುವುದು ತೀರಾ ಕಮ್ಮಿ. ಈ ಕಾಯಿಲೆಯಲ್ಲಿ ಆ ಮರೆ ಕಳಚಿಬೀಳುತ್ತದೆ. ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಹೆಚ್ಚಾಗಿ, ಬುಡ ತನ್ನನ್ನು ತೋರಿಸಿಕೊಳ್ಳತೊಡಗುತ್ತದೆ, ಟಿ-ಕಣಗಳೆಂಬ ಬಿಳಿ ರಕ್ತಕಣಗಳು ಬಂದು ಮುತ್ತುತ್ತವೆ. ಬಯಾಪ್ಸಿಯಲ್ಲಿ ನೋಡಿದರೆ ಬುಡದ ಸುತ್ತ ಜೇನ್ನೊಣಗಳ ಹಿಂಡು ಕೂತಂತೆ ಇರುತ್ತದೆ. ಆದರೆ ಹೊಸ ಕೂದಲು ಹುಟ್ಟಿಸುವ ಕಾಂಡಕೋಶಗಳು ಇನ್ನೂ ಮೇಲೆ ಇರುತ್ತವೆ, ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ವರ್ಷಗಳ ನಂತರವೂ ಕೂದಲು ವಾಪಸ್ ಬರಬಲ್ಲದು ಅನ್ನುವುದು ಇದರಿಂದಲೇ.

ದಾಳಿಯ ಗುರಿ ಬಣ್ಣಕ್ಕೆ ಸಂಬಂಧಿಸಿದ್ದಿರಬೇಕು ಅನ್ನುವುದಕ್ಕೆ ಒಂದು ಸುಳಿವಿದೆ: ನರೆತ ಕೂದಲು ಎಷ್ಟೋ ಸಲ ಪಾರಾಗುತ್ತದೆ, ಮತ್ತೆ ಹುಟ್ಟುವ ಕೂದಲು ಮೊದಲು ಬೆಳ್ಳಗೇ ಬರುತ್ತದೆ.

ನಿಮಗೇ ಯಾಕೆ ಬಂತು? ಒಂದು ಪಾಲು ವಂಶವಾಹಿ. 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಆಂಜೆಲಾ ಕ್ರಿಸ್ಟಿಯಾನೊ ಅವರ ತಂಡ ಸಾವಿರಕ್ಕೂ ಹೆಚ್ಚು ರೋಗಿಗಳ ಜೀನ್‌ಗಳನ್ನು ಹುಡುಕಿ ನೋಡಿದಾಗ ಟೈಪ್ 1 ಮಧುಮೇಹ, ಸಂಧಿವಾತಗಳ ಜೊತೆ ಹಂಚಿಕೊಂಡ ಭಾಗಗಳು ಸಿಕ್ಕವು. (ಕ್ರಿಸ್ಟಿಯಾನೊ ಅವರಿಗೂ ಇದೇ ಕಾಯಿಲೆ ಬಂದಿತ್ತು.) ಆದರೆ ಒಂದೇ ಜೀನ್‌ಗಳಿರುವ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಹಾಗಾಗಿ ಬೇರೇನೋ ಕಿಡಿ ಹೊತ್ತಿಸಬೇಕು. ಆ ಜಾಗದಲ್ಲಿ ಎಲ್ಲರೂ ಟೆನ್ಷನ್ ತಂದು ಕೂರಿಸುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಮತ್ತೆ ಕಳೆದ ಮೂರು ತಿಂಗಳಲ್ಲಿ ಒಂದು ಚಿಂತೆಯೂ ಇಲ್ಲದ ಮನುಷ್ಯ ಎಲ್ಲಿ ಸಿಗುತ್ತಾನೆ?

ಇಪ್ಪತ್ತಾರರ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಕಿವಿಯ ಮೇಲೆ ಮೂರು ಸೆಂಟಿಮೀಟರ್‌ನ ಒಂದು ಪ್ಯಾಚ್. ಉಗುರಲ್ಲಿ ಗುಳಿಗಳಿಲ್ಲ, ಹುಬ್ಬು ಸರಿಯಿತ್ತು. ಸುಮ್ಮನೆ ಕಾಯ್ದರೂ ಇಂಥದ್ದು ಅನೇಕರಲ್ಲಿ ವರ್ಷದೊಳಗೆ ತುಂಬಿಕೊಳ್ಳುತ್ತದೆ ಎಂದೆ, ಅವನಿಗೆ ಕಾಯುವ ಮನಸ್ಸಿರಲಿಲ್ಲ. ಟ್ರಯಾಮ್ಸಿನೊಲೋನ್ ಸ್ಟೀರಾಯ್ಡನ್ನು ಒಂದು ಮಿಲಿಲೀಟರ್‌ಗೆ 5 ಮಿಲಿಗ್ರಾಂನಷ್ಟು ತೆಳು ಮಾಡಿ, ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಚರ್ಮದೊಳಗೆ ಚುಚ್ಚಿದೆ. ಮುಂದಿನ ಸಲ ಬಂದಾಗ ಮಧ್ಯದಲ್ಲಿ ಬಿಳಿ ನವಿರು ಕೂದಲು ಕಾಣುತ್ತಿತ್ತು, ಆದರೆ ಇನ್ನೊಂದು ಕಡೆ ಹೊಸ ಪ್ಯಾಚ್ ಎದ್ದಿತ್ತು. ಚುಚ್ಚಿದ ಕಡೆ ಮಾತ್ರ ಕೆಲಸ ಮಾಡುವ ಮದ್ದು ಇದು, ಕಾಯಿಲೆಯ ಓಟವನ್ನು ತಡೆಯುವುದಿಲ್ಲ. ಒಂದು ಕಡೆ ಚರ್ಮ ಸ್ವಲ್ಪ ತಗ್ಗಾದಾಗ ಅಲ್ಲಿ ಚುಚ್ಚುವುದನ್ನು ನಿಲ್ಲಿಸಿದೆ. ಕೊನೆಗೆ ಎರಡೂ ಕಡೆ ಕಪ್ಪು ಕೂದಲೇ ಬಂತು.

ಅರ್ಧ ತಲೆಯೇ ಖಾಲಿಯಾದವರಿಗೆ ಮೇಲೆ ಹೇಳಿದ ಇಂಟರ್‌ಫೆರಾನ್ ಗಾಮಾದ ಸಂದೇಶವನ್ನೇ ನಡುದಾರಿಯಲ್ಲಿ ತಡೆಯುವ ಜಾಕ್ ಇನ್ಹಿಬಿಟರ್ ಮಾತ್ರೆಗಳಿವೆ. ಅವುಗಳಲ್ಲೊಂದಾದ ಬ್ಯಾರಿಸಿಟಿನಿಬ್‌ಗೆ ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಒಪ್ಪಿಗೆ ಕೊಟ್ಟರು. ಸೋಂಕಿನ ಅಪಾಯ ಇದೆ, ಮಾತ್ರೆ ಬಿಟ್ಟರೆ ಅನೇಕರಲ್ಲಿ ಮತ್ತೆ ಉದುರುತ್ತದೆ. ನಿಮ್ಮ ಒಂದು ನಾಣ್ಯದಗಲಕ್ಕೆ ಅದು ಬೇಡ. ಆದರೆ ಪ್ಯಾಚ್ ಹಬ್ಬುತ್ತಾ ಹೋದರೆ, ಹಿಂಗತ್ತಿನ ಕೂದಲಂಚಿನಲ್ಲಿ ಪಟ್ಟಿಯಾಗಿ ಉದುರಿದರೆ, ಇಲ್ಲವೇ ಹುಬ್ಬು ಬಿಟ್ಟುಹೋದರೆ ಕಾಯದೆ ವೈದ್ಯರ ಬಳಿ ಹೋಗಿ. ಸುಸ್ತು, ತೂಕದ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಈ ಕಾಯಿಲೆಯೂ ಥೈರಾಯ್ಡ್ ತೊಂದರೆಯೂ ಜೊತೆಯಾಗಿ ಬರುವುದುಂಟು.