ನಿಫ್ಟಿ ಏರುತ್ತಿದ್ದರೂ ಶೇರುಗಳೇಕೆ ಕುಂಟುತ್ತವೆ?

ಪ್ರಶ್ನೆ: ನಿಫ್ಟಿ ಹೊಸ ಎತ್ತರ ಮುಟ್ಟುತ್ತಿದೆ, ನನ್ನ ಹತ್ತು ಶೇರುಗಳಲ್ಲಿ ಏಳು ಇಳಿದಿವೆ. 200 ದಿನದ ಸರಾಸರಿಗಿಂತ ಮೇಲೆ ಎಷ್ಟು ಪರ್ಸೆಂಟ್ ಶೇರುಗಳಿವೆ ನೋಡಿ ಅಂತಾರೆ. ಅದನ್ನು ಮನೆಯಲ್ಲೇ ಲೆಕ್ಕ ಹಾಕೋದು ಹೇಗೆ? 50ಕ್ಕಿಂತ ಕೆಳಗೆ ಬಂದರೆ ಮಾರಿಬಿಡಬೇಕಾ?
— ಓದುಗರು, ಡೊಂಬಿವಲಿ

ಉತ್ತರ: ಮಾರಬೇಕಾಗಿಲ್ಲ. ಈ ಅಂಕಿ ಮಾರುಕಟ್ಟೆಯ ಆರೋಗ್ಯ ಹೇಳುತ್ತದೆ, ಯಾವ ದಿನ ಹೊರಬರಬೇಕು ಎಂದು ಹೇಳುವುದಿಲ್ಲ.

ನಿಫ್ಟಿ 50ರಲ್ಲಿ ಎಲ್ಲ ಶೇರುಗಳಿಗೂ ಸಮಾನ ತೂಕವಿಲ್ಲ. ದೊಡ್ಡ ಹತ್ತು ಕಂಪನಿಗಳ ತೂಕವೇ ಅರ್ಧಕ್ಕಿಂತ ಹೆಚ್ಚು. ಅದನ್ನು ಶೇ. 55 ಎಂದಿಟ್ಟುಕೊಳ್ಳಿ. ಆ ಹತ್ತು ಶೇ. 3 ಏರಿ, ಉಳಿದ ನಲವತ್ತು ಶೇ. 2 ಇಳಿದರೂ ಸೂಚ್ಯಂಕ ಸುಮಾರು ಶೇ. 0.75 ಏರಿರುತ್ತದೆ. ನೀವು ಕೇಳಿರುವ ಲೆಕ್ಕದಲ್ಲಿ ಮಾತ್ರ ಪ್ರತಿ ಕಂಪನಿಗೂ ಒಂದೇ ಓಟು. ಹಾಗಾಗಿ ಆ ನಲವತ್ತರ ದನಿಯೂ ಕೇಳುತ್ತದೆ.

ಮೊದಲು ಗೂಗಲ್ ಶೀಟ್‌ನಲ್ಲಿ ನಿಫ್ಟಿ 50ರಿಂದ ಆರಂಭಿಸಿ. A ಕಾಲಂನಲ್ಲಿ ಶೇರಿನ ಸಂಕೇತ, B ಯಲ್ಲಿ ಈಗಿನ ಬೆಲೆ, C ಯಲ್ಲಿ 200 ದಿನದ ಸರಾಸರಿ, D ಯಲ್ಲಿ ಎಷ್ಟು ದಿನದ ಬೆಲೆ ಸಿಕ್ಕಿದೆ ಎಂಬ ಎಣಿಕೆ. C2 ಗೆ ಇದು:

```
=AVERAGE(QUERY(GOOGLEFINANCE("NSE:"&A2,"close",TODAY()-330,TODAY()),"select Col2 order by Col1 desc limit 200",1))
```

D2 ಗೆ ಇದೇ ಸೂತ್ರದಲ್ಲಿ `AVERAGE` ತೆಗೆದು `COUNT` ಹಾಕಿ. 330 ಎಂದಿರುವುದು ಕ್ಯಾಲೆಂಡರ್ ದಿನಗಳು. ಶನಿವಾರ, ಭಾನುವಾರ, ಹಬ್ಬದ ರಜೆ ಕಳೆದರೆ 200 ವಹಿವಾಟಿನ ದಿನ ಸಿಗಲು ಅಷ್ಟು ಹಿಂದಕ್ಕೆ ಹೋಗಬೇಕು. ಈ ಸೂತ್ರಗಳನ್ನು 51ನೇ ಸಾಲಿನವರೆಗೆ ಎಳೆಯಿರಿ. ಕೊನೆಗೆ ಉತ್ತರ:

```
=100*SUMPRODUCT((D2:D51>=200)*(B2:B51>C2:C51))/COUNTIF(D2:D51,">=200")
```

ಹೊಸದಾಗಿ ಲಿಸ್ಟ್ ಆದ ಕಂಪನಿಗೆ 200 ದಿನ ತುಂಬಿರುವುದಿಲ್ಲ. ಅದು ಮೇಲೂ ಅಲ್ಲ, ಕೆಳಗೂ ಅಲ್ಲ, ಒಟ್ಟು ಎಣಿಕೆಯಿಂದಲೇ ಹೊರಗಿರಬೇಕು. D ಕಾಲಂ ಇರುವುದೇ ಅದಕ್ಕೆ.

ಲೆಕ್ಕ ಹೆಚ್ಚು ಕೆಡುವುದು ಬೋನಸ್ ಮತ್ತು ಸ್ಪ್ಲಿಟ್‌ನಿಂದ. ಎನ್‌ಎಸ್‌ಇ ದಿನವೂ ಪ್ರಕಟಿಸುವ ಬೆಲೆಪಟ್ಟಿಯಾದ ಭಾವ್‌ಕಾಪಿಯಲ್ಲಿರುವುದು ಆ ದಿನದ ಬೆಲೆ. ಹಳೆಯ ಬೆಲೆಗಳು ತಾವಾಗಿಯೇ ಸರಿಹೊಂದುವುದಿಲ್ಲ. 1,000 ರೂಪಾಯಿಯಲ್ಲಿ ನಿಂತಿದ್ದ ಶೇರು 1:1 ಬೋನಸ್ ಆದಮೇಲೆ 500 ಆಯಿತೆನ್ನಿ. ಹೂಡಿಕೆದಾರನಿಗೆ ನಷ್ಟವಿಲ್ಲ, ಆದರೆ ನಿಮ್ಮ ಸರಾಸರಿಯಲ್ಲಿ ಇನ್ನೂ 199 ಹಳೆಯ ಸಾವಿರಗಳು ಕುಳಿತಿವೆ. ಬೆಲೆ 500ರಲ್ಲೇ ನಿಂತರೆ ಕೊನೆಯ ಸಾವಿರ ಹೊರಬೀಳುವವರೆಗೆ, ಅಂದರೆ ಸುಮಾರು ಹತ್ತು ತಿಂಗಳು, ಆ ಶೇರು ಸುಳ್ಳಾಗಿ ಸರಾಸರಿಯ ಕೆಳಗೇ ಕಾಣುತ್ತದೆ. ಬೆಲೆ ಸರಾಸರಿಯ ಅರ್ಧದಷ್ಟೋ ಐದನೇ ಒಂದರಷ್ಟೋ ಇರುವ ಸಾಲು ಕಂಡರೆ ಮೊದಲು ಬೋನಸ್, ಸ್ಪ್ಲಿಟ್ ದಿನಾಂಕ ನೋಡಿ. ಗೂಗಲ್‌ನಿಂದ ಬಂದ ಬೆಲೆಗೂ ಈ ತಪಾಸಣೆ ಬೇಕೇ ಬೇಕು.

ಇನ್ನು ಓದುವ ಬಗೆ. 50 ಎಂಬ ಗೆರೆಗಿಂತ ಸೂಚ್ಯಂಕ ಮತ್ತು ಈ ಅಂಕಿ ಒಂದೇ ದಿಕ್ಕಿನಲ್ಲಿವೆಯೇ ಎಂಬುದು ಹೆಚ್ಚು ಮುಖ್ಯ. 2018ರಲ್ಲಿ ನಿಫ್ಟಿ ಜನವರಿ ಕೊನೆಯಲ್ಲಿ 11,100ರ ಆಸುಪಾಸು ಮುಟ್ಟಿ ಇಳಿಯಿತು. ಆಗಸ್ಟ್ ಕೊನೆಗೆ 11,700 ದಾಟಿ ಹೊಸ ದಾಖಲೆ ಬರೆಯಿತು. ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಸೂಚ್ಯಂಕಗಳು ಮಾತ್ರ ಜನವರಿಯ ಎತ್ತರಕ್ಕೆ ಮರಳಲೇ ಇಲ್ಲ. ಅಕ್ಟೋಬರ್ ಕೊನೆಗೆ ನಿಫ್ಟಿಯೂ 10,000ದ ಹತ್ತಿರಕ್ಕೆ ಬಂತು. ಆದರೆ ಆ ಒಡಕು ಕಾಣಿಸಿದ್ದು ತಿಂಗಳುಗಳ ಮೊದಲೇ. ಜೂನ್‌ನಲ್ಲೇ ಎಲ್ಲ ಮಾರಿದವರು ನಿಫ್ಟಿಯ ಒಂದು ದೊಡ್ಡ ಏರಿಕೆ ಕಳೆದುಕೊಂಡರು. ಇಂಥ ಒಡಕನ್ನು ಹಿಡಿಯಲು ನಿಫ್ಟಿ 50ರ ಪಟ್ಟಿ ಸಾಲದು, ಇದೇ ಲೆಕ್ಕವನ್ನು ನಿಫ್ಟಿ 500ಕ್ಕೆ ಹಾಕಬೇಕು. ಅಷ್ಟು ಸಾಲುಗಳಿಗೆ ಶೀಟ್ ತಿಣುಕುತ್ತದೆ, ಭಾವ್‌ಕಾಪಿಯೇ ವಾಸಿ.

ಅಂಕಿ ಏರಿದಾಗಲೂ ಹುಷಾರಾಗಿರಿ. ಒಂದು ಶೇರು 100 ರೂಪಾಯಿಯಲ್ಲಿ ಅಲುಗಾಡದೆ ನಿಂತಿದೆ, ಸರಾಸರಿ 104, ಲೆಕ್ಕದಿಂದ ಹೊರಬೀಳುತ್ತಿರುವ ಹಳೆಯ ಬೆಲೆಗಳು 120 ಎನ್ನಿ. ಆಗ ಸರಾಸರಿ ದಿನಕ್ಕೆ ಹತ್ತು ಪೈಸೆ ಇಳಿಯುತ್ತದೆ. 41ನೇ ವಹಿವಾಟಿನ ದಿನ ಅದು 99.90 ಆಗುತ್ತದೆ, ಒಂದು ಪೈಸೆಯೂ ಏರದ ಶೇರು ‘ಮೇಲೆ’ ಎಂದು ಎಣಿಕೆಯಾಗುತ್ತದೆ. ದೊಡ್ಡ ಕುಸಿತವಾಗಿ ಕೆಲ ತಿಂಗಳ ಮೇಲೆ ಇಂಥವು ಬಹಳ. ಗುರುತಿಸಲು E ಕಾಲಂನಲ್ಲಿ `=100*(B2/C2-1)` ಹಾಕಿ. ಬಹುಪಾಲು ಶೇರುಗಳು ಸರಾಸರಿಯಿಂದ ಶೇ. 1–2ರೊಳಗೇ ಇದ್ದರೆ ಆ ಏರಿಕೆಯನ್ನು ನೆಚ್ಚಬೇಡಿ, ಒಂದೇ ಕೆಟ್ಟ ದಿನ ಅದನ್ನೆಲ್ಲ ಅಳಿಸೀತು.

200 ದಿನದ ಸರಾಸರಿ ನಿಧಾನದ್ದು, ದಿನಾ ನೋಡುವ ಅಗತ್ಯವಿಲ್ಲ. ಶುಕ್ರವಾರ ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆ, ಲೋಕಲ್ ಹಿಡಿದು ಮನೆ ಸೇರಿ ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ಮಾರ್ಚ್, ಸೆಪ್ಟೆಂಬರ್‌ನಲ್ಲಿ ನಿಫ್ಟಿ ಪಟ್ಟಿ ಬದಲಾದಾಗ ನಿಮ್ಮ A ಕಾಲಂ ತಿದ್ದಿ. ಆದರೆ ಹಳೆಯ ವಾರಗಳ ಅಂಕಿಯನ್ನು ಹೊಸ ಪಟ್ಟಿಯಿಂದ ಮತ್ತೆ ಲೆಕ್ಕ ಹಾಕಬೇಡಿ. ಸೋತು ಹೊರಹೋದ ಕಂಪನಿಗಳು ಬಿಟ್ಟುಹೋಗಿ, ಹಿಂದಿನ ಮಾರುಕಟ್ಟೆ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ.