ಗಾಳಿ ತಂಪಾದರೂ ರಸ್ತೆ ತಂಪಾಗಿರಲ್ಲ

"ಸಂಜೆ 5ಕ್ಕೆ ಬೆಂಗಳೂರಲ್ಲಿ ಗಾಳಿ ತಂಪಾಗಿರುತ್ತೆ. ಆದ್ರೂ ನಮ್ಮ ನಾಯಿ ಗೇಟಿನಾಚೆ ಕಾಲಿಡಲ್ಲ, ಯಾಕೆ?"

ಅದಕ್ಕೆ ಕಾಲು ಸುಡುತ್ತಿದೆ. ಕಪ್ಪು ಟಾರು ದಿನವಿಡೀ ಬಿಸಿಲು ಹೀರಿಕೊಂಡು, ಹೊತ್ತು ಇಳಿದ ಮೇಲೂ ನಿಧಾನಕ್ಕೆ ಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಳಿ 34 ಡಿಗ್ರಿ ಇದ್ದರೆ ಟಾರು 60 ದಾಟಬಹುದು. ಆ ಬಿಸಿಗೆ ನಮ್ಮ ಚರ್ಮ ಸುಡಲು ಐದಾರು ಸೆಕೆಂಡು ಸಾಕು.

ಹೋದ ಬೇಸಿಗೆ ಜಯನಗರದಲ್ಲಿ ನಾಲ್ಕೂವರೆಗೇ ನಮ್ಮ ನಾಯಿಯನ್ನು ಕರೆದುಕೊಂಡು ಹೋಗಿದ್ದೆ. ನನಗೆ ಚಪ್ಪಲಿ ಇತ್ತಲ್ವಾ, ಗೊತ್ತೇ ಆಗಲಿಲ್ಲ. ರಾತ್ರಿ ಒಂದೇ ಸಮ ಕಾಲು ನೆಕ್ಕುತ್ತಿತ್ತು. ಎತ್ತಿ ನೋಡಿದರೆ ಅಂಗಾಲಿನ ಮೆತ್ತೆ ಕೆಂಪಾಗಿ, ಅಂಚಲ್ಲಿ ಸಿಪ್ಪೆ ಎದ್ದಿತ್ತು. ಪಾಪ, ಇವತ್ತಿಗೂ ನೆನೆದರೆ ಸಂಕಟವಾಗುತ್ತೆ.

ಈಗ ಹೊರಡುವ ಮುಂಚೆ ಹಿಂಗೈಯನ್ನು ರಸ್ತೆಗೆ ಒತ್ತಿ ಏಳರವರೆಗೆ ಎಣಿಸುತ್ತೇನೆ. ಅಷ್ಟರಲ್ಲಿ ಕೈ ತೆಗೆಯಬೇಕು ಅನಿಸಿದರೆ ಹೋಗುವುದಿಲ್ಲ. ಗೇಟಿನ ನೆರಳಲ್ಲಿ ನೋಡಬೇಡಿ, ಬಿಸಿಲು ಬಿದ್ದ ಕಡೆ ನೋಡಿ. ಪಾರ್ಕಿನ ಮರಳೂ ಹಾಗೇ, ಬರಿಗಾಲಲ್ಲಿ ಆಡುವ ಮಕ್ಕಳಿಗೂ ಸುಡುತ್ತದೆ.

ಸುಟ್ಟಿದ್ದರೆ ಸುಮಾರು ಹತ್ತು ನಿಮಿಷ ನಲ್ಲಿ ನೀರು ಬಿಡಿ. ಐಸ್ ಬೇಡ, ನಮ್ಮ ಮುಲಾಮೂ ಬೇಡ, ನೆಕ್ಕಿಬಿಡುತ್ತದೆ. ಗುಳ್ಳೆ ಎದ್ದಿದ್ದರೆ ಅಥವಾ ಕುಂಟುತ್ತಿದ್ದರೆ ಅವತ್ತೇ ಪಶುವೈದ್ಯರಿಗೆ ತೋರಿಸಿ.