ಮುದ್ದೆ ಎದೆ ಮಧ್ಯೆ ನಿಂತರೆ

"ಕೋಲಾರದವನು ನಾನು. ಅವಸರದಲ್ಲಿ ಮುದ್ದೆ ನುಂಗಿದರೆ ಎದೆ ಮಧ್ಯೆ ನಿಲ್ಲುತ್ತೆ. ಒಂದೆರಡು ಸಲ ಬಾಯಿಗೇ ವಾಪಸ್ ಬಂತು. ಇದು ವಾಂತಿನಾ?"

ವಾಕರಿಕೆ ಬಂತಾ? ಹುಳಿ ಇತ್ತಾ? ಎರಡೂ ಇಲ್ಲದಿದ್ದರೆ ಅದು ವಾಂತಿಯಲ್ಲ, ಹೊಟ್ಟೆಗೇ ಇಳಿಯದ ತುತ್ತು.

ತುತ್ತನ್ನು ನಾಲಿಗೆ ಹಿಂದಕ್ಕೆ ತಳ್ಳುವ ತನಕ ಮಾತ್ರ ಕೆಲಸ ನಮ್ಮ ಕೈಯಲ್ಲಿದೆ. ಗಂಟಲನ್ನು ಅದು ಸುಮಾರು ಒಂದೇ ಸೆಕೆಂಡಿನಲ್ಲಿ ದಾಟುತ್ತದೆ. ಆಗ ಉಸಿರು ತಾನಾಗಿ ನಿಲ್ಲುತ್ತದೆ, ಶ್ವಾಸನಾಳದ ಬಾಯಿ ಮುಚ್ಚುತ್ತದೆ. ಆಮೇಲೆ ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳ. ತುತ್ತಿನ ಹಿಂದಿನ ಸ್ನಾಯು ಬಿಗಿಯುತ್ತದೆ, ಮುಂದಿನದು ಸಡಿಲವಾಗುತ್ತದೆ. ಈ ಅಲೆ ಕೆಳಗೆ ತಲುಪಲು 8-10 ಸೆಕೆಂಡು ಬೇಕು.

ನಿಮ್ಮ ತೊಂದರೆ ಇಲ್ಲೇ ಇರಬಹುದು. ಎರಡು ಸೆಕೆಂಡಿಗೇ ಮತ್ತೆ ನುಂಗಿದರೆ, ಹೊಸ ನುಂಗುವಿಕೆ ಹಳೆಯ ಅಲೆಯನ್ನು ಅರ್ಧದಲ್ಲೇ ತಡೆಯುತ್ತದೆ. ನೀರು ಗಟಗಟ ಕುಡಿದಾಗಲೂ ಹೀಗೇ ಆಗುತ್ತದೆ, ಆದರೆ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ಮುದ್ದೆ ಇಳಿಯಲ್ಲ, ಅಲ್ವಾ? ಸುಮ್ನೆ ಕಾದರೆ, ನಿಂತ ತುತ್ತು ನಾಳವನ್ನು ಹಿಗ್ಗಿಸಿದ್ದಕ್ಕೇ ಅಲ್ಲಿಂದ ಇನ್ನೊಂದು ಅಲೆ ಹುಟ್ಟುತ್ತದೆ. ಅದಕ್ಕೆ ನುಂಗಬೇಕಾಗಿಲ್ಲ.

ವಾಂತಿಯ ದಾರಿ ಬೇರೆ. ಹಳಸಿದ ಊಟವಾದರೆ ಹೊಟ್ಟೆ, ಕರುಳಿನ ನರದಿಂದ, ನಂದಿ ಬೆಟ್ಟದ ತಿರುವುಗಳಾದರೆ ಒಳಕಿವಿಯಿಂದ ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಬಾಯಲ್ಲಿ ನೀರೂರುತ್ತದೆ. ಆಮೇಲೆ ಎದೆ, ಹೊಟ್ಟೆ ನಡುವಿನ ಸ್ನಾಯುಪರದೆಯಾದ ವಪೆ ಮತ್ತು ಹೊಟ್ಟೆಯ ಹೊರಗೋಡೆಯ ಸ್ನಾಯುಗಳು ಒಟ್ಟಿಗೆ ಹಿಂಡುತ್ತವೆ. ಅನ್ನನಾಳಕ್ಕೆ ಆ ಬಲವಿಲ್ಲ.

ಚಿಕ್ಕ ತುತ್ತು ಮಾಡಿ, ಸಾರಿನಲ್ಲಿ ಚೆನ್ನಾಗಿ ಅದ್ದಿ, ಹತ್ತು ಎಣಿಸಿ ಮುಂದಿನದು ನುಂಗಿ. ನಿಧಾನಕ್ಕೆ ತಿಂದರೂ ನಿಂತರೆ, ಅಥವಾ ತೂಕ ಇಳಿಯುತ್ತಿದ್ದರೆ, ಎಂಡೋಸ್ಕೋಪಿ ಬಗ್ಗೆ ಡಾಕ್ಟರನ್ನು ಕೇಳಿ. ಎಂಜಲೂ ಇಳಿಯದಿದ್ದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.